ಹತ್ತು ಹನ್ನೆರಡಡಿಯ ಕೋಣೆಯಲ್ಲಿ ಮಿಕ್ಸಿಂಗ್: ಹೆಡ್‌ಫೋನಿನ ಮಾತು ಎಷ್ಟು, ಸ್ಪೀಕರಿನ ಮಾತು ಎಷ್ಟು

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಾವಿರುವ ಮಹಡಿ ಮನೆಯ ಹಿಂಬದಿಯ ಕೋಣೆ ಹತ್ತಡಿ ಅಗಲ, ಹನ್ನೆರಡಡಿ ಉದ್ದ ಮತ್ತು ಹತ್ತಡಿ ಎತ್ತರ ಇದೆ. ನೆಲಕ್ಕೆ ನುಣುಪಾದ ಟೈಲ್ಸ್, ಮೇಲೆ ಆರ್‌ಸಿಸಿ ಚಾವಣಿ, ನಾಲ್ಕೂ ಕಡೆ ಗಾರೆ ಮಾಡಿದ ಗೋಡೆ. ಈ ಕೋಣೆಯ ಗೋಡೆಗೆ ಮೇಜನ್ನು ಒತ್ತಿಟ್ಟು, ಅದರ ಮೇಲೆ ಐದು ಇಂಚಿನ ಎರಡು ಮಾನಿಟರ್ ಸ್ಪೀಕರ್‌ಗಳನ್ನು ಕೂರಿಸಿ, ನಾನು ಮೊದಲು ಮಿಕ್ಸ್ ಮಾಡಿದ್ದು ಒಂದು ತತ್ವಪದದ ರೆಕಾರ್ಡಿಂಗನ್ನು. ಹಾಡುಗಾರಿಕೆ, ಹಾರ್ಮೋನಿಯಂ, ತಬಲಾ, ಅಷ್ಟೇ. ಮಿಕ್ಸ್ ಮಾಡುವಾಗ ಡಗ್ಗಾದ ನಾದ ಎಷ್ಟೇ ಹುಡುಕಿದರೂ ಸಿಗಲಿಲ್ಲವಾದ್ದರಿಂದ 90 ಹರ್ಟ್ಜ್ ಸುತ್ತ ಐದು ಡೆಸಿಬೆಲ್ ಏರಿಸಿ ಸಮಾಧಾನಪಟ್ಟುಕೊಂಡೆ. ಮರುದಿನ ಗೆಳೆಯನ ಕಾರಿನಲ್ಲಿ ಅದೇ ಫೈಲನ್ನು ಹಾಕಿದಾಗ ಬಾಗಿಲಿನ ತಗಡು ಗುಂಯ್‌ಗುಟ್ಟಿತು, ಹಾಡಿದವರ ಮಾತು ಡಗ್ಗಾದ ಕೆಳಗೆ ಹೂತುಹೋಗಿತ್ತು. ಸ್ಪೀಕರಿನಲ್ಲಿ ದೋಷವಿರಲಿಲ್ಲ, ರೆಕಾರ್ಡಿಂಗಿನಲ್ಲೂ ಇರಲಿಲ್ಲ. ನನ್ನ ಕಿವಿ ಕೋಣೆಯ ತಪ್ಪಾದ ಜಾಗದಲ್ಲಿತ್ತು. ಈ ಲೇಖನ ಅಂಥದೇ ಕೋಣೆಯಲ್ಲಿ, ಮಿತವಾದ ಖರ್ಚಿನಲ್ಲಿ, ಯಾವುದನ್ನು ಯಾವ ಕ್ರಮದಲ್ಲಿ ಮಾಡಬೇಕು ಮತ್ತು ಯಾವ ತೀರ್ಮಾನಕ್ಕೆ ಹೆಡ್‌ಫೋನನ್ನೂ ಯಾವುದಕ್ಕೆ ಸ್ಪೀಕರನ್ನೂ ನಂಬಬೇಕು ಎಂಬುದನ್ನು ಕುರಿತದ್ದು.

ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿಯಿರಿ

ಎರಡು ಎದುರುಬದುರು ಗೋಡೆಗಳ ನಡುವೆ ಕೆಲವು ನಿರ್ದಿಷ್ಟ ಕಂಪನಾಂಕಗಳ ಶಬ್ದ ಹಿಂದೆ ಮುಂದೆ ಪುಟಿದು, ಕೋಣೆಯಲ್ಲಿ ಒಂದೆಡೆ ಗಟ್ಟಿಯಾಗಿ, ಇನ್ನೊಂದೆಡೆ ಇಲ್ಲವೇ ಇಲ್ಲವೆಂಬಂತೆ ನಿಂತುಬಿಡುತ್ತದೆ. ಭೌತಶಾಸ್ತ್ರದ ಪುಸ್ತಕಗಳು ಇದನ್ನು ಸ್ಥಾಯಿ ತರಂಗವೆನ್ನುತ್ತವೆ. ಅದರ ಮೊದಲ ಕಂಪನಾಂಕವನ್ನು ಕಂಡುಕೊಳ್ಳಲು ಶಬ್ದದ ವೇಗವನ್ನು ಗೋಡೆಗಳ ನಡುವಿನ ದೂರದ ಎರಡರಷ್ಟರಿಂದ ಭಾಗಿಸಿದರೆ ಸಾಕು.

```
f = v / (2 × L)
345 / (2 × 3.66) ≈ 47 Hz
```

ಇಲ್ಲಿ 345 ಎಂಬುದು ನಮ್ಮ ಹವೆಯಲ್ಲಿ ಶಬ್ದ ಒಂದು ಸೆಕೆಂಡಿಗೆ ಸಾಗುವ ಸರಿಸುಮಾರು ಮೀಟರ್‌ಗಳು, 3.66 ಎಂಬುದು ಹನ್ನೆರಡಡಿ. ಅಂದರೆ ಉದ್ದದ ದಿಕ್ಕಿನಲ್ಲಿ ಮೊದಲ ತೊಡಕು 47 ಹರ್ಟ್ಜ್‌ನಲ್ಲಿ, ಎರಡನೆಯದು ಅದರ ಇಮ್ಮಡಿಯಾದ 94 ಹರ್ಟ್ಜ್‌ನಲ್ಲಿ ಬರುತ್ತದೆ. ಐದು ಇಂಚಿನ ಸ್ಪೀಕರುಗಳು 47 ಹರ್ಟ್ಜ್‌ನಲ್ಲಿ ಹೇಗೂ ಹೆಚ್ಚೇನೂ ಹೊರಡಿಸುವುದಿಲ್ಲ. ಉದಾಹರಣೆಗೆ, ಈ ವರ್ಗದಲ್ಲಿ ಬಹಳ ಮಂದಿ ಬಳಸುವ ಯಮಹಾ ಎಚ್ಎಸ್5 ಸ್ಪೀಕರು 74 ಹರ್ಟ್ಜ್‌ನಿಂದಲೇ ಇಳಿಯತೊಡಗಿ 54 ಹರ್ಟ್ಜ್ ಹೊತ್ತಿಗೆ ಹತ್ತು ಡೆಸಿಬೆಲ್ ಕುಸಿದಿರುತ್ತದೆ. ಆದ್ದರಿಂದ ನಮಗೆ ನಿಜವಾದ ತಲೆನೋವು 94 ಹರ್ಟ್ಜ್. ಅದು ನಿಶ್ಶಬ್ದವಾಗುವ ಜಾಗ ಗೋಡೆಯಿಂದ ಉದ್ದದ ಕಾಲು ಭಾಗದಲ್ಲಿ, ಅಂದರೆ ಸರಿಯಾಗಿ ಮೂರಡಿಯಲ್ಲಿದೆ. ಎರಡಡಿ ಆಳದ ಮೇಜನ್ನು ಗೋಡೆಗೆ ಒತ್ತಿಟ್ಟು ಕುಳಿತವನ ಕಿವಿ ಇರುವುದು ಎಲ್ಲಿ? ಗೋಡೆಯಿಂದ ಮೂರಡಿಯಲ್ಲಿ. ನನ್ನ ರೆಕಾರ್ಡಿಂಗಿನ ಡಗ್ಗಾ, ತಬಲ್ಜಿ ಅಂಗೈ ಒತ್ತಿದಂತೆಲ್ಲ ಸುಮಾರು 80 ರಿಂದ 110 ಹರ್ಟ್ಜ್ ನಡುವೆ ಜಾರುತ್ತಿತ್ತು. ಜಾರುವ ದಾರಿಯ ನಡುವಿನ ತುಂಡೇ ನನಗೆ ಕೇಳುತ್ತಿರಲಿಲ್ಲ.

ನಿಮ್ಮ ಕೋಣೆಯಲ್ಲಿ ಇದನ್ನು ಪರೀಕ್ಷಿಸಲು ಯಂತ್ರವೇನೂ ಬೇಕಿಲ್ಲ. ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದ `Generate` ಪಟ್ಟಿಯಲ್ಲಿ `Chirp` ಆಯ್ದು, 40 ರಿಂದ 200 ಹರ್ಟ್ಜ್‌ವರೆಗೆ 60 ಸೆಕೆಂಡು ಏರುವ ಧ್ವನಿಯನ್ನು ತಯಾರಿಸಿಕೊಳ್ಳಿ. ಆರಂಭದ ಮತ್ತು ಕೊನೆಯ `Amplitude` ಎರಡನ್ನೂ 0.3 ಇಟ್ಟುಕೊಂಡು `Interpolation` ಎಂಬಲ್ಲಿ `Linear` ಆರಿಸಬೇಕು. ಅದನ್ನು ಸ್ಪೀಕರಿನಲ್ಲಿ ಮೆಲ್ಲಗೆ ನುಡಿಸಿ, ನೀವು ಕೂರುವ ಜಾಗದಲ್ಲೇ ಅಲುಗಾಡದೆ ಕುಳಿತು, ಧ್ವನಿ ತಟ್ಟನೆ ಅಡಗುವ ಮತ್ತು ಉಬ್ಬುವ ಸಮಯಗಳನ್ನು ಬರೆದುಕೊಳ್ಳಿ. ನನಗೆ ಇಪ್ಪತ್ತನೆಯ ಸೆಕೆಂಡಿನ ಆಸುಪಾಸಿನಲ್ಲಿ ಧ್ವನಿ ಮಾಯವಾಯಿತು. ಲೆಕ್ಕ ಹಾಕಿದರೆ ಅದು 94 ಹರ್ಟ್ಜ್‌ಗೇ ಬರುತ್ತದೆ. ಆಮೇಲೆ `Tone` ಆಯ್ದು 94 ಹರ್ಟ್ಜ್ ಒಂದನ್ನೇ ನುಡಿಸುತ್ತ ತಲೆಯನ್ನು ಒಂದಡಿ ಹಿಂದಕ್ಕೆ ಸರಿಸಿದಾಗ ಕಳೆದುಹೋದ ಧ್ವನಿ ಮರಳಿ ಬಂದಿತು. ದೋಷ ಕೋಣೆಯದೋ ರೆಕಾರ್ಡಿಂಗಿನದೋ ಎಂದು ತಿಳಿಯುವ ಬಗೆ ಇದೇ: ತಲೆ ಸರಿಸಿದರೆ ಬದಲಾಗುವುದು ಕೋಣೆಯದು, ಹೆಡ್‌ಫೋನ್ ಹಾಕಿದರೂ ಉಳಿಯುವುದು ರೆಕಾರ್ಡಿಂಗಿನದು.

ಕುರ್ಚಿಯ ಜಾಗ, ಸ್ಪೀಕರಿನ ಜಾಗ

ಸ್ಪೀಕರುಗಳು ಕೋಣೆಯ ಉದ್ದಕ್ಕೆ ಮುಖ ಮಾಡಿರಬೇಕು, ಅಂದರೆ ಅವುಗಳ ಬೆನ್ನು ಹತ್ತಡಿಯ ಗೋಡೆಗೆ ಇರಬೇಕು. ಎಡ ಬಲ ಗೋಡೆಗಳಿಂದ ಎರಡೂ ಸ್ಪೀಕರುಗಳಿಗೆ ಸಮ ಅಂತರವಿರಲಿ. ಒಂದು ಪಕ್ಕ ಬೀರು, ಇನ್ನೊಂದು ಪಕ್ಕ ತೆರೆದ ಬಾಗಿಲು ಇದ್ದರೆ ಹಾಡು ಒಂದೇ ಕಡೆಗೆ ವಾಲಿದಂತೆ ಕೇಳುತ್ತದೆ, ಅದನ್ನು ಸರಿಪಡಿಸಲು ಹೋಗಿ ಮಿಕ್ಸನ್ನು ಇನ್ನೊಂದು ಕಡೆಗೆ ವಾಲಿಸುತ್ತೇವೆ.

ಕಿವಿಯ ಜಾಗ ಮುಂದಿನ ಗೋಡೆಯಿಂದ ಉದ್ದದ ನೂರಕ್ಕೆ 38ರಷ್ಟು ದೂರದಲ್ಲಿರಲಿ ಎಂಬುದು ಬಳಕೆಯಲ್ಲಿರುವ ಒಂದು ಅಂದಾಜು. ಹನ್ನೆರಡಡಿಗೆ ಅದು ನಾಲ್ಕಡಿ ಏಳಿಂಚಿಗೆ ಬರುತ್ತದೆ. ಅಲ್ಲಿ 47 ಆಗಲಿ 94 ಆಗಲಿ ಪೂರ್ತಿ ಮಾಯವಾಗುವುದಿಲ್ಲ. ಇದು ದೇವವಾಕ್ಯವಲ್ಲ, ಹುಡುಕಾಟ ಶುರುಮಾಡುವ ಬಿಂದು ಮಾತ್ರ. ಅಲ್ಲಿಂದ ಅರ್ಧರ್ಧ ಅಡಿ ಹಿಂದೆ ಮುಂದೆ ಕುಳಿತು ಮೇಲಿನ ಏರುಧ್ವನಿಯನ್ನು ಮತ್ತೆ ಮತ್ತೆ ಕೇಳಿ, ಎಲ್ಲಿ ಏರಿಳಿತ ಕಡಿಮೆಯೋ ಅಲ್ಲಿ ನೆಲಕ್ಕೆ ಅಂಟುಪಟ್ಟಿ ಹಚ್ಚಿ ಗುರುತು ಮಾಡಿಕೊಳ್ಳಿ. ಕೋಣೆಯ ನಟ್ಟನಡುವೆ, ಅಂದರೆ ಆರಡಿಯಲ್ಲಿ ಮಾತ್ರ ಕೂರಬೇಡಿ, ಅಲ್ಲಿ 47 ಸತ್ತು 94 ಉಬ್ಬಿರುತ್ತದೆ. ಹಿಂದಿನ ಗೋಡೆಗೆ ಒರಗಿ ಕೂರುವುದೂ ಬೇಡ, ಅಲ್ಲಿ ಎಲ್ಲ ತಗ್ಗು ನಾದಗಳೂ ಉಬ್ಬುತ್ತವೆ.

ಸ್ಪೀಕರಿನ ಮುಂಭಾಗ ಗೋಡೆಯಿಂದ ಒಂದಡಿಯಷ್ಟು ದೂರವಿರಲಿ. ಸ್ಪೀಕರಿನಿಂದ ಹಿಂದಕ್ಕೆ ಹೋಗಿ ಗೋಡೆಗೆ ಬಡಿದು ಬರುವ ಶಬ್ದ, ನೇರ ಶಬ್ದದೊಡನೆ ತಿಕ್ಕಾಡಿ ಒಂದು ಕಂಪನಾಂಕವನ್ನು ಅಳಿಸಿಹಾಕುತ್ತದೆ. ಆ ಕಂಪನಾಂಕದ ಅಲೆಯ ಉದ್ದ, ಗೋಡೆಯ ದೂರದ ನಾಲ್ಕರಷ್ಟು ಇರುತ್ತದೆ. ಒಂದಡಿಗೆ ಇದು ಸುಮಾರು 280 ಹರ್ಟ್ಜ್ ಆಗುತ್ತದೆ, ಅದನ್ನು ಗೋಡೆಗೆ ದಪ್ಪನೆಯ ಹೀರುಪದಾರ್ಥ ಹಾಕಿ ತಕ್ಕಮಟ್ಟಿಗೆ ಹತೋಟಿಗೆ ತರಬಹುದು. ಸ್ಪೀಕರನ್ನು ಮೂರಡಿ ಮುಂದೆ ತಂದಿರೋ, ಅದು 95 ಹರ್ಟ್ಜ್ ಹತ್ತಿರಕ್ಕೆ ಇಳಿದು ಮತ್ತೆ ಡಗ್ಗಾದ ಮೇಲೆಯೇ ಬೀಳುತ್ತದೆ. ಗೋಡೆಗೆ ಹತ್ತಿರವಿದ್ದಾಗ ತಗ್ಗು ನಾದ ಒಟ್ಟಾರೆ ಸ್ವಲ್ಪ ಹೆಚ್ಚುತ್ತದೆ, ಅದಕ್ಕೆಂದೇ ಎಚ್ಎಸ್5ನಂಥ ಸ್ಪೀಕರುಗಳ ಬೆನ್ನಿನಲ್ಲಿ ರೂಮ್ ಕಂಟ್ರೋಲ್ ಎಂಬ ಗುಂಡಿಯಿದ್ದು ಎರಡು ಅಥವಾ ನಾಲ್ಕು ಡೆಸಿಬೆಲ್ ಇಳಿಸಲು ಬರುತ್ತದೆ. ನಾನು ಎರಡಕ್ಕೆ ಇಟ್ಟಿದ್ದೇನೆ. ಬೆನ್ನಿನಲ್ಲಿ ಗಾಳಿಯ ಕಿಂಡಿಯಿರುವ ಸ್ಪೀಕರಿಗೆ ನಾಲ್ಕು ಬೆರಳಷ್ಟಾದರೂ ಜಾಗ ಬಿಡುವುದನ್ನು ಮರೆಯಬಾರದು.

ಎರಡು ಸ್ಪೀಕರು ಮತ್ತು ನಿಮ್ಮ ತಲೆ ಸೇರಿ ಸಮಬಾಹು ತ್ರಿಕೋನವಾಗಬೇಕು. ಮೇಲಿನ ಅಳತೆಗಳಿಗೆ ಒಂದೊಂದು ಬಾಹುವೂ ನಾಲ್ಕಡಿ ಎರಡಿಂಚಿಗೆ ಬರುತ್ತದೆ. ಇಷ್ಟಗಲ ನನ್ನ ಮೇಜಿನ ಮೇಲೆ ಸಿಗಲಿಲ್ಲವಾದ್ದರಿಂದ ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪಿನ ಎರಡು ಸ್ಟ್ಯಾಂಡ್ ಮಾಡಿಸಿ, ಪೈಪಿನೊಳಗೆ ಒಣಗಿಸಿದ ಮರಳು ತುಂಬಿಸಿದೆ. ಮರಳಿಲ್ಲದ ಪೈಪು ತಾನೇ ಒಂದು ವಾದ್ಯವಾಗಿ ನುಡಿಯುತ್ತದೆ. ಸ್ಪೀಕರಿನಲ್ಲಿ ತಾರ ನಾದ ಹೊರಡಿಸುವ ಚಿಕ್ಕ ಭಾಗವಾದ ಟ್ವೀಟರು ಕಿವಿಯ ಎತ್ತರಕ್ಕೆ ಬರಬೇಕು, ಕುಳಿತಾಗ ಅದು ನೆಲದಿಂದ ಮೂರೂಮುಕ್ಕಾಲು ಅಡಿಯ ಆಸುಪಾಸು.

ಗಾದಿ ಮತ್ತು ಕಂಬಳಿ: ಅವು ಮಾಡುವ ಕೆಲಸ, ಮಾಡದ ಕೆಲಸ

ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಟಣ್ಣೆಂದು ತಗಡಿನಂತೆ ಮಿಡಿದರೆ ಗೋಡೆಗಳು ಬರಿಯಾಗಿವೆ ಎಂದರ್ಥ. ನಮ್ಮದು ಹತ್ತಿ ಗಿರಣಿಗಳಿಂದ ಹೆಸರಾದ ಊರು, ಈಗಲೂ ಹತ್ತಿ ಗಾದಿ ಹೊಲಿದುಕೊಡುವವರು ಸಿಗುತ್ತಾರೆ. ನಾಲ್ಕು ಇಂಚು ದಪ್ಪದ, ತೀರಾ ಗಟ್ಟಿಯಾಗಿ ತುಂಬದ ಗಾದಿಗಳನ್ನು ಚೌಕಟ್ಟಿಗೆ ಕೂರಿಸಿ ನಿಲ್ಲಿಸಿದರೆ ಮಾತಿನ ನಡುಭಾಗದ ನಾದಗಳಿಂದ ಮೇಲಿನದನ್ನೆಲ್ಲ ಚೆನ್ನಾಗಿ ಹೀರುತ್ತವೆ. ರಾಕ್‌ವೂಲ್ ಹಲಗೆ ಸಿಕ್ಕರೆ ಅದು ಇನ್ನೂ ಮೇಲು, ಆದರೆ ಅದರ ಎಳೆ ಚರ್ಮಕ್ಕೆ ತುರಿಕೆ ತರುವುದರಿಂದ ಬಟ್ಟೆಯಲ್ಲಿ ಪೂರ್ತಿ ಮುಚ್ಚಬೇಕು. ಚಳ್ಳಕೆರೆಯ ಉಣ್ಣೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಗೋಡೆಯಿಂದ ಮೂರಿಂಚು ಬಿಟ್ಟು ತೂಗುಹಾಕಿದರೂ ಚಪ್ಪಾಳೆಯ ಟಣತ್ಕಾರ ನಿಲ್ಲುತ್ತದೆ. ಅದು ತೆಳುವಾದ್ದರಿಂದ ಕಡಿವಾಣ ಬೀಳುವುದು ತಾರ ನಾದಕ್ಕೆ ಮಾತ್ರ.

ಎಲ್ಲಿ ಇಡಬೇಕೆಂಬುದಕ್ಕೆ ಕನ್ನಡಿಯ ಉಪಾಯವಿದೆ. ನೀವು ಕುರ್ಚಿಯಲ್ಲಿ ಕುಳಿತಿರುವಾಗ ಮನೆಯವರೊಬ್ಬರು ಪಕ್ಕದ ಗೋಡೆಗೆ ಕನ್ನಡಿ ಹಿಡಿದು ಸರಿಸುತ್ತ ಹೋಗಲಿ. ಕನ್ನಡಿಯಲ್ಲಿ ಸ್ಪೀಕರು ಕಾಣಿಸಿದ ಜಾಗದಲ್ಲಿ ಗಾದಿ ನಿಲ್ಲಬೇಕು. ನನ್ನ ಕೋಣೆಯಲ್ಲಿ ಅಲ್ಲಿಂದ ಪುಟಿದು ಬರುವ ಶಬ್ದ ನೇರ ಶಬ್ದಕ್ಕಿಂತ ಸುಮಾರು ನಾಲ್ಕು ಮಿಲಿಸೆಕೆಂಡು ತಡವಾಗಿ ಬರುತ್ತಿತ್ತು. ಇಷ್ಟು ಸಣ್ಣ ಅಂತರವನ್ನು ಕಿವಿ ಮಾರ್ದನಿಯೆಂದು ಬೇರ್ಪಡಿಸುವುದಿಲ್ಲ, ಹಾಡಿದವರ ಕಂಠವೇ ಮಸುಕಾಗಿದೆ ಎಂದು ತಿಳಿಯುತ್ತದೆ. ಎರಡು ಪಕ್ಕದ ಗೋಡೆ, ಸ್ಪೀಕರಿನ ಹಿಂದಿನ ಗೋಡೆ ಮತ್ತು ನಿಮ್ಮ ಬೆನ್ನ ಹಿಂದಿನ ಗೋಡೆ, ಇಷ್ಟಕ್ಕೆ ಆದರೆ ಸಾಕು. ನೆಲಕ್ಕೆ ಜಮಖಾನ ಹಾಸಿ.

ಗಾದಿ ಹಾಕಿದ ಮೇಲೆ ಡಗ್ಗಾದ ತೊಡಕೂ ಹೋಗುತ್ತದೆಂದು ಎಣಿಸಬೇಡಿ. 94 ಹರ್ಟ್ಜ್ ಅಲೆಯ ಕಾಲು ಭಾಗವೇ ಮೂರಡಿಯಷ್ಟಿರುವಾಗ ನಾಲ್ಕು ಇಂಚಿನ ಹತ್ತಿ ಅದನ್ನು ಹಿಡಿಯಲಾರದು. ಒಂದು ಇಂಚಿನ, ಮೊಟ್ಟೆಯ ಟ್ರೇ ಆಕಾರದ ಫೋಮನ್ನು ಕೋಣೆಯೆಲ್ಲ ಅಂಟಿಸಿದವರ ಗತಿ ಇನ್ನೂ ಕೆಟ್ಟದು, ತಾರ ಮಾತ್ರ ಸತ್ತು ತಗ್ಗು ನಾದ ಹಾಗೇ ಉಳಿದು ಕೋಣೆ ಗೊಗ್ಗರು ಗೊಗ್ಗರಾಗಿ ಕೇಳುತ್ತದೆ. ಬೇಕಾದ ಕಂಪನಾಂಕವನ್ನಷ್ಟೇ ಏರಿಸಿ ಇಳಿಸುವ ಈಕ್ಯೂನಲ್ಲಿ ಏರಿಸಿ ತಗ್ಗನ್ನು ತುಂಬುವುದೂ ಆಗದ ಕೆಲಸ, ಏಕೆಂದರೆ ಅಲೆಗಳು ಪರಸ್ಪರ ಅಳಿಸಿಕೊಳ್ಳುವ ಜಾಗದಲ್ಲಿ ಎಷ್ಟು ಏರಿಸಿದರೆ ಅಷ್ಟೇ ಅಳಿಸಿಹೋಗುತ್ತದೆ. ಇದಕ್ಕೆ ಮದ್ದು ಕುರ್ಚಿಯನ್ನು ಸರಿಸುವುದು, ಉಳಿದ ಅನುಮಾನವನ್ನು ಹೆಡ್‌ಫೋನಿಗೆ ಕೇಳುವುದು.

ವಿದ್ಯುತ್ತಿನ ಬಗ್ಗೆ ಎರಡು ಮಾತು. ಲ್ಯಾಪ್‌ಟಾಪ್, ಆಡಿಯೋ ಇಂಟರ್‌ಫೇಸ್ ಮತ್ತು ಎರಡೂ ಸ್ಪೀಕರುಗಳು ಅರ್ಥಿಂಗ್ ಇರುವ ಒಂದೇ ಪಟ್ಟಿಗೆ ಸೇರಿರಲಿ, ಸ್ಪೀಕರಿಗೆ ಬ್ಯಾಲೆನ್ಸ್‌ಡ್ ಕೇಬಲ್‌ಗಳನ್ನೇ ಬಳಸಿ. ಹೀಗೆ ಮಾಡಿದರೆ ಗುಂಯ್ ಎನ್ನುವ ಹಮ್ ಬಹುಪಾಲು ಇರುವುದಿಲ್ಲ. ಕರೆಂಟು ಹೋಗಿ ಮನೆಯ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರು ಹೊತ್ತಿಕೊಂಡಾಗ ಸ್ಪೀಕರು ಗರಗರ ಎಂದರೆ ಆ ಹೊತ್ತು ಮಿಕ್ಸಿಂಗ್ ನಿಲ್ಲಿಸಿ, ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆ ಹೆಡ್‌ಫೋನಿನಲ್ಲಿ ಕತ್ತರಿಸುವ ಕೆಲಸ ಮಾಡಿಕೊಳ್ಳಿ.

ಒಂದೇ ಮಟ್ಟದಲ್ಲಿ ಕೇಳುವುದು

ಶಬ್ದ ಮೆಲ್ಲಗಿದ್ದಾಗ ಕಿವಿಗೆ ತಗ್ಗು ನಾದ ಕಡಿಮೆಯಾಗಿ, ಜೋರಾದಾಗ ಹೆಚ್ಚಾಗಿ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಬೆಳಿಗ್ಗೆ ಮೆಲ್ಲಗೆ, ಸಂಜೆ ಜೋರಾಗಿ ಕೇಳಿದರೆ ಡಗ್ಗಾದ ಮಟ್ಟದ ಬಗ್ಗೆ ಎರಡು ಬೇರೆ ತೀರ್ಮಾನಗಳು ಬರುವುದು ಹೀಗೆ. ಆದ್ದರಿಂದ ಆಡಾಸಿಟಿಯ `Noise` ಆಯ್ಕೆಯಲ್ಲಿ `Pink` ಧ್ವನಿ ಮಾಡಿಕೊಂಡು ನುಡಿಸಿ, ಮೊಬೈಲಿನ ಡೆಸಿಬೆಲ್ ಆ್ಯಪು ಕಿವಿಯ ಜಾಗದಲ್ಲಿ 75ರ ಆಸುಪಾಸು ತೋರಿಸುವಲ್ಲಿ ಇಂಟರ್‌ಫೇಸಿನ ಗುಂಡಿಗೆ ಪೆನ್ನಿನಿಂದ ಗೆರೆ ಎಳೆಯಿರಿ. ಮೊಬೈಲಿನ ಅಳತೆ ನಾಲ್ಕೈದು ಡೆಸಿಬೆಲ್ ಆಚೀಚೆ ಆದರೂ ಚಿಂತೆಯಿಲ್ಲ, ಪ್ರತಿದಿನವೂ ಅದೇ ಗೆರೆಗೆ ಮರಳುವುದಷ್ಟೇ ಮುಖ್ಯ. ಪಕ್ಕದವರಿಗೆ ತೊಂದರೆಯಾಗದಂತೆ ಮಾತನಾಡುವ ಮಟ್ಟಕ್ಕಿಂತ ತುಸು ಹೆಚ್ಚು, ಇಷ್ಟೇ ಇದು.

ಫ್ಯಾನು ಇಲ್ಲಿ ಶತ್ರು. ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯಲ್ಲಿ ಫ್ಯಾನು ಆರಿಸಿ ಕೂರಿ ಎಂದು ಹೇಳುವ ಧೈರ್ಯ ನನಗಿಲ್ಲ. ಮಿಕ್ಸಿಗೆ ಸೇರಿಸಿದ ಮಾರ್ದನಿಯ, ಅಂದರೆ ರಿವರ್ಬಿನ ಬಾಲ ಎಲ್ಲಿ ಮುಗಿಯುತ್ತದೆ, ಹಾಡಿನ ನಡುವಿನ ಮೌನದಲ್ಲಿ ಏನುಳಿದಿದೆ ಎಂಬ ತೀರ್ಮಾನಗಳನ್ನು ಒಟ್ಟುಮಾಡಿಟ್ಟುಕೊಂಡು, ಬೆಳಗಿನ ಐದೂವರೆ ಆರರ ತಂಪಿನಲ್ಲಿ ಹತ್ತು ನಿಮಿಷ ಫ್ಯಾನು ಆರಿಸಿ ಮುಗಿಸುವುದು ನನ್ನ ರೂಢಿ.

ಹೆಡ್‌ಫೋನು ಹೇಳುವ ನಿಜ ಮತ್ತು ಸುಳ್ಳು

ಹೆಡ್‌ಫೋನಿಗೆ ಕೋಣೆಯೇ ಇಲ್ಲ. 94 ಹರ್ಟ್ಜ್ ಮಾಯವಾಗುವ ಪ್ರಶ್ನೆ ಅಲ್ಲಿಲ್ಲದಿರುವುದರಿಂದ ಡಗ್ಗಾದ ಏರಿಳಿತವನ್ನು, ಕತ್ತರಿಸಿ ಜೋಡಿಸಿದ ಕಡೆಯ ಟಿಕ್ ಸದ್ದನ್ನು, ಬಾಯಿಯ ಚಪ್ಪರಿಕೆಯನ್ನು ಅದು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ಸ್ಪೀಕರಿನಲ್ಲಿ ನುಣುಪಾಗಿ ಕೇಳಿದ ಎಷ್ಟೋ ಜೋಡಣೆಗಳು ಹೆಡ್‌ಫೋನಿನಲ್ಲಿ ಮುರಿದ ಹಾಗೆ ಕೇಳುತ್ತವೆ, ಅಲ್ಲಿ ಒಂದು ತುಂಡು ಕರಗುತ್ತ ಇನ್ನೊಂದು ಮೂಡುವಂತೆ ಐದರಿಂದ ಹತ್ತು ಮಿಲಿಸೆಕೆಂಡಿನ ಕ್ರಾಸ್‌ಫೇಡ್ ಕೊಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಅದು ಸುಳ್ಳು ಹೇಳುವುದು ಜಾಗದ ವಿಷಯದಲ್ಲಿ. ಸ್ಪೀಕರಿನಲ್ಲಿ ಎಡಗಡೆಯ ಶಬ್ದ ಬಲಗಿವಿಗೂ ಸ್ವಲ್ಪ ತಡವಾಗಿ ತಲುಪುತ್ತದೆ, ಹೆಡ್‌ಫೋನಿನಲ್ಲಿ ತಲುಪುವುದೇ ಇಲ್ಲ. ಹೀಗಾಗಿ ಹಾರ್ಮೋನಿಯಂ ತುಸು ಎಡಕ್ಕಿದ್ದರೂ ಕಿವಿಗೆ ಅಂಟಿದಂತೆ ಕೇಳಿ, ಅದನ್ನು ಅಗತ್ಯಕ್ಕಿಂತ ನಡುವಿಗೆ ಎಳೆಯುತ್ತೇವೆ. ಸಣ್ಣ ರಿವರ್ಬೂ ಧಾರಾಳವಾಗಿ ಕೇಳುವುದರಿಂದ ಕಡಿಮೆ ಹಾಕಿಬಿಡುತ್ತೇವೆ. ನಡುವಿನ ಕಂಠದ ವಿಷಯ ಇನ್ನೂ ಸೂಕ್ಷ್ಮವಾದದ್ದು: ಎರಡು ಸ್ಪೀಕರಿನಿಂದ ಬರುವ ಒಂದೇ ಕಂಠ ಎರಡೂ ಕಿವಿಗಳಲ್ಲಿ ಕಾಲು ಮಿಲಿಸೆಕೆಂಡಿನಷ್ಟು ಅಂತರದಲ್ಲಿ ಬೆರೆಯುವುದರಿಂದ 2000 ಹರ್ಟ್ಜ್ ಬಳಿ ಒಂದು ತಗ್ಗು ಉಂಟಾಗುತ್ತದೆ, ಹೆಡ್‌ಫೋನಿನಲ್ಲಿ ಆ ತಗ್ಗಿಲ್ಲ. ಮಾತಿನ ಸ್ಪಷ್ಟತೆಗಾಗಿ ಆ ಭಾಗವನ್ನು ಏರಿಸಬೇಕೋ ಬೇಡವೋ ಎಂಬುದನ್ನು ಒಂದರಲ್ಲಿ ಮಾತ್ರ ಕೇಳಿ ತೀರ್ಮಾನಿಸಬಾರದೆಂದು ನಾನು ಹೇಳುವುದು ಇದಕ್ಕೇ.

ಕೊಳ್ಳುವಾಗ ಮಿಕ್ಸಿಂಗಿಗೆ ಹಿಂಬದಿ ತೆರೆದ ಮಾದರಿಯೇ ಲೇಸು, ನಮ್ಮ ಸೆಕೆಗೆ ಕಿವಿಯೂ ಬೆವರುವುದಿಲ್ಲ. ರೆಕಾರ್ಡಿಂಗ್ ಕೂಡ ಮಾಡುವವರಾದರೆ ಮುಚ್ಚಿದ ಮಾದರಿ ಬೇಕಾಗುತ್ತದೆ, ಇಲ್ಲವಾದರೆ ಹೆಡ್‌ಫೋನಿನ ಸದ್ದು ಮೈಕಿಗೆ ಸೋರುತ್ತದೆ. 250 ಓಮ್‌ನ ಮಾದರಿಯನ್ನು ಸಣ್ಣ ಇಂಟರ್‌ಫೇಸು ಸಾಕಷ್ಟು ಜೋರಾಗಿ ನುಡಿಸಲಾರದು, 32 ರಿಂದ 80 ಓಮ್ ಒಳಗಿನದನ್ನು ಆರಿಸಿ. ಬ್ಲೂಟೂತ್ ಬೇಡ, ಅದರಲ್ಲಿ ಶಬ್ದ ತಡವಾಗಿ ಬರುತ್ತದೆ. ಕನ್ನಡಕದವರಿಗೊಂದು ಎಚ್ಚರಿಕೆ: ಮುಚ್ಚಿದ ಹೆಡ್‌ಫೋನಿನ ದಿಂಬನ್ನು ಕನ್ನಡಕದ ಕಡ್ಡಿ ಎತ್ತಿ ಹಿಡಿದರೆ ಆ ಸಂದಿಯಿಂದ ತಗ್ಗು ನಾದ ಸೋರಿಹೋಗಿ, ಇಲ್ಲದ ಕೊರತೆಯನ್ನು ತುಂಬಲು ಹೊರಡುತ್ತೀರಿ.

ಅದೇ ತತ್ವಪದ, ಎರಡನೆಯ ಸಲ

ಕುರ್ಚಿ ಸರಿಸಿದ ಮೇಲೆ ಆ ತತ್ವಪದವನ್ನು ಮೊದಲಿಂದ ಮಿಕ್ಸ್ ಮಾಡಿದೆ. ಮೊದಲ ಸುತ್ತು ಪೂರ್ತಿ ಹೆಡ್‌ಫೋನಿನಲ್ಲಿ ನಡೆಯಿತು. ಉಸಿರು, ಹಾರ್ಮೋನಿಯಂ ತಿದಿಯ ಕಿರುಗು, ಎರಡು ಟೇಕ್‌ಗಳನ್ನು ಕೂಡಿಸಿದ ಜಾಗಗಳು, ಇವಿಷ್ಟನ್ನು ಶುಚಿ ಮಾಡಿಕೊಂಡೆ. ಈ ಹಂತದಲ್ಲಿ ಯಾವ ವಾದ್ಯದ ಮಟ್ಟವನ್ನೂ ಮುಟ್ಟಲಿಲ್ಲ.

ಎರಡನೆಯ ಸುತ್ತು ಸ್ಪೀಕರಿನಲ್ಲಿ, ಗೆರೆ ಎಳೆದ ಮಟ್ಟಕ್ಕಿಂತಲೂ ಕಡಿಮೆಯಲ್ಲಿ ಆರಂಭವಾಯಿತು. ಪಕ್ಕದ ಕೋಣೆಯ ಮಾತು ಕೇಳಿಸುವಷ್ಟು ಮೆಲ್ಲಗೆ ನುಡಿಸಿದಾಗಲೂ ಸಾಹಿತ್ಯ ತಿಳಿಯುತ್ತಿದೆಯೇ ಎಂದು ನೋಡುತ್ತ ಕಂಠಕ್ಕೂ ಹಾರ್ಮೋನಿಯಂಗೂ ಮಟ್ಟ ಹೊಂದಿಸಿದೆ. ಹಾರ್ಮೋನಿಯಂ ಎರಡು ಮೈಕಿನಲ್ಲಿ ರೆಕಾರ್ಡ್ ಆಗಿತ್ತು. ಮಿಕ್ಸನ್ನು ಮೋನೋ ಮಾಡಿ ಒಂದೇ ಸ್ಪೀಕರಿನಲ್ಲಿ ನುಡಿಸಿದಾಗ ಅದು ತೆಳ್ಳಗಾಗಿ ಹಿಂದಕ್ಕೆ ಸರಿಯಿತು, ಅಂದರೆ ಎರಡು ಮೈಕುಗಳ ಅಲೆಗಳು ಒಂದನ್ನೊಂದು ಕಡಿಯುತ್ತಿದ್ದವು. ಹೆಡ್‌ಫೋನಿನ ಸ್ಟೀರಿಯೋದಲ್ಲಿ ಅದು ಅಗಲವಾಗಿ, ಚೆನ್ನಾಗಿಯೇ ಕೇಳಿದ್ದರಿಂದ ಮೊದಲ ಸುತ್ತಿನಲ್ಲಿ ನನಗೆ ತಿಳಿದೇ ಇರಲಿಲ್ಲ. ಒಂದು ಮೈಕಿನ ಪೊಲಾರಿಟಿ ತಿರುಗಿಸಿ, ಅಂದರೆ ಅದರ ಅಲೆಯನ್ನು ತಲೆಕೆಳಗು ಮಾಡಿ ನೋಡಿದೆ, ಪೂರ್ತಿ ಸರಿಹೋಗಲಿಲ್ಲ. ಕೊನೆಗೆ ಎರಡನೆಯ ಮೈಕನ್ನು ಹತ್ತು ಡೆಸಿಬೆಲ್ ಇಳಿಸಿಬಿಟ್ಟೆ. ರಿವರ್ಬನ್ನು ಹೆಡ್‌ಫೋನಿನಲ್ಲಿ ಮೈನಸ್ 20 ಡೆಸಿಬೆಲ್‌ಗೆ ಇಟ್ಟಿದ್ದೆ, ಸ್ಪೀಕರಿನಲ್ಲಿ ಕಂಠ ಒಣಗಿದಂತೆ ಕೇಳಿದ್ದರಿಂದ ಮೈನಸ್ 16ಕ್ಕೆ ಏರಿಸಿದೆ. ಗಾದಿಗಳಿಲ್ಲದ ಕೋಣೆಯಾಗಿದ್ದರೆ ಕೋಣೆಯೇ ತನ್ನ ಮಾರ್ದನಿ ಸೇರಿಸಿ ಈ ಕೊರತೆಯನ್ನು ಮುಚ್ಚಿಡುತ್ತಿತ್ತು.

ಡಗ್ಗಾದ ತೀರ್ಮಾನ ಮೂರನೆಯ ಸುತ್ತಿಗೆ, ಮತ್ತೆ ಹೆಡ್‌ಫೋನಿಗೆ ಉಳಿದಿತ್ತು. ತಬಲಾ ಚೆನ್ನಾಗಿ ಕೂತಿರುವ, ನನಗೆ ಬಹಳ ಪರಿಚಿತವಾದ ಒಂದು ಹಾಡನ್ನು ಅದೇ ಸೆಷನ್ನಿನಲ್ಲಿ ಪಕ್ಕದ ಟ್ರ್ಯಾಕಿಗೆ ಹಾಕಿಕೊಂಡೆ. ಬಿಡುಗಡೆಯಾದ ಹಾಡು, ಒಟ್ಟಾರೆ ಎಷ್ಟು ಜೋರೆಂದು ಅಳೆಯುವ ಎಲ್‌ಯುಎಫ್‌ಎಸ್ ಮಾನದಲ್ಲಿ ಮೈನಸ್ 10 ಇದ್ದು ನನ್ನ ಮಿಕ್ಸ್ ಮೈನಸ್ 18 ಇದ್ದುದರಿಂದ ಆ ಹಾಡನ್ನು ಎಂಟು ಡೆಸಿಬೆಲ್ ಇಳಿಸಿದ ನಂತರವೇ ಹೋಲಿಸಿದೆ, ಇಲ್ಲವಾದರೆ ಜೋರಾದದ್ದೇ ಚೆಂದ ಎನಿಸಿಬಿಡುತ್ತದೆ. ಹೋಲಿಸಿದಾಗ ಡಗ್ಗಾಕ್ಕೆ ಐದು ಡೆಸಿಬೆಲ್ ಏರಿಕೆಯ ಅಗತ್ಯವೇ ಇರಲಿಲ್ಲ. ಬದಲಿಗೆ 100 ಹರ್ಟ್ಜ್ ಸುತ್ತ ಒಂದೂವರೆ ಡೆಸಿಬೆಲ್ ಇಳಿಸಬೇಕಾಯಿತು. ಆಮೇಲೆ ಸ್ಪೀಕರಿಗೆ ಮರಳಿ, ಡಗ್ಗಾ ಇಳಿದದ್ದರಿಂದ ಕಂಠ ಹೆಚ್ಚು ಮುಂದೆ ಬಂದಿತೇ ಎಂದಷ್ಟೇ ನೋಡಿ ಅರ್ಧ ಡೆಸಿಬೆಲ್ ತಗ್ಗಿಸಿದೆ. ಎರಡೂ ಉಪಕರಣಗಳು ಒಪ್ಪದ ಕಡೆ ನಾನು ಪಾಲಿಸುವ ನಿಯಮ ಇಷ್ಟೇ: 150 ಹರ್ಟ್ಜ್‌ಗಿಂತ ಕೆಳಗಿನದಕ್ಕೆ ಹೆಡ್‌ಫೋನಿನ ಮಾತು, ಎಡ ಬಲ ಮತ್ತು ಹಿಂದೆ ಮುಂದಿನ ಜಾಗಕ್ಕೆ ಸ್ಪೀಕರಿನ ಮಾತು.

ಮಿಕ್ಸು ಮುಗಿದ ಫೈಲನ್ನು ಅದೇ ಗೆಳೆಯನ ಕಾರಿನಲ್ಲಿ ಹಳೆಯದರ ಜೊತೆಗೆ ಕೇಳಿದೆವು. ಬಾಗಿಲು ಸುಮ್ಮನಿತ್ತು. ಎರಡು ತಿಂಗಳ ಮೇಲೆ ಕೋಣೆಗೆ ಒಂದು ಮಂಚ ಬಂದಾಗ ಕುರ್ಚಿ ಮತ್ತೆ ಅರ್ಧ ಅಡಿ ಮುಂದೆ ಸರಿಯಿತು, ನೆಲದ ಅಂಟುಪಟ್ಟಿ ಮಂಚದ ಕಾಲಿನ ಕೆಳಗೆ ಹೋಯಿತು. ಅಂದು ಸಂಜೆಯೇ ಆ 60 ಸೆಕೆಂಡಿನ ಏರುಧ್ವನಿಯನ್ನು ಮತ್ತೆ ನುಡಿಸಿ, ಹೊಸ ಪಟ್ಟಿ ಹಚ್ಚಿದೆ.